ಮದರಬಿಗೆ ಬರೆದ ಚೀಟಿ

ಬುಧವಾರ ಸಂಜೆ ಆರೂವರೆಗೆ ಶಾಲೆಯ ಪಾಲಕರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಕೈಬರಹದ ಚೀಟಿಯ ಫೋಟೋ. ಅದರ ಜೊತೆ ಒಂದಕ್ಷರವೂ ಇರಲಿಲ್ಲ. ಯಾರು ಬರೆದದ್ದು, ಯಾವಾಗ ಬರೆದದ್ದು, ಎಲ್ಲಿ ಸಿಕ್ಕಿತು ಎಂದು ಹೇಳುವಷ್ಟು ತ್ರಾಸನ್ನು ಕಳಿಸಿದ ಪರಶು ತೆಗೆದುಕೊಂಡಿರಲಿಲ್ಲ. ಊರಿಗೂ ಅದು ಬೇಕಾಗಿರಲಿಲ್ಲ. ಏಳು ಗಂಟೆಯ ಹೊತ್ತಿಗೆ ಎಲ್ಲರೂ ಚೀಟಿಯನ್ನು ಓದಿ ಮುಗಿಸಿದ್ದರು, ಅದರಲ್ಲಿ ಇಲ್ಲದ ಮಾತುಗಳನ್ನೂ ಸೇರಿಸಿ.

ಅನ್ನಪೂರ್ಣಾ ಅದನ್ನು ನೋಡಿದ್ದು ಗಜೇಂದ್ರಗಡದ ತನ್ನ ಬಾಡಿಗೆ ಕೋಣೆಯಲ್ಲಿ. ಸೂಡಿಯ ಕಡೆ ಹೋಗುವ ಬಸ್ಸು ಹಿಡಿದು ದಿನಾ ಆ ಊರಿನ ಸರ್ಕಾರಿ ಶಾಲೆಗೆ ಹೋಗಿ ಪಾಠ ಮಾಡುವವಳು ಅವಳು. ಮುಖ್ಯೋಪಾಧ್ಯಾಯ ಅಮರೇಶ ಸರ್ ರೋಣದ ತರಬೇತಿಗೆ ಹೋದ ಮೇಲೆ ಈ ವಾರ ಶಾಲೆಯ ಜವಾಬ್ದಾರಿಯೂ ಅವಳದೇ. ಸೋಮವಾರ ಬಿಸಿಯೂಟ ಉಂಡ ಮೂರು ಮಕ್ಕಳು ಮನೆಗೆ ಹೋಗಿ ವಾಂತಿ ಮಾಡಿಕೊಂಡಿದ್ದವು. ಮೂರೂ ಒಂದೇ ಮನೆಯವು. ಉಳಿದ ನೂರಾ ನಲವತ್ತಕ್ಕೆ ಏನೂ ಆಗಿರಲಿಲ್ಲ. ಮರುದಿನ ಅವೇ ಮೂರು ಬಯಲಲ್ಲಿ ಕಬಡ್ಡಿ ಆಡುತ್ತಿದ್ದವು. ಆದರೆ ಊರಿಗೆ ಒಂದು ವಿಷಯ ಸಿಕ್ಕಿತ್ತು. ಶಾಲಾ ಸಮಿತಿಯ ಅಧ್ಯಕ್ಷ ಅಂದಾನೆಪ್ಪ ಮಂಗಳವಾರ ಬೆಳಿಗ್ಗೆ ದಾಸ್ತಾನು ಕೋಣೆಗೆ ಬೀಗ ಜಡಿದು ಕೀಲಿಯನ್ನು ತನ್ನ ಜೇಬಿನಲ್ಲಿಟ್ಟುಕೊಂಡ. ಎರಡು ದಿನ ಮಕ್ಕಳಿಗೆ ಬಾಳೆಹಣ್ಣು, ಬಿಸ್ಕಿಟು. ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದ ಮದರಬಿಯ ಜಾಗಕ್ಕೆ ಅಂದಾನೆಪ್ಪನ ತಮ್ಮನ ಹೆಂಡತಿ ಬರಬೇಕು ಎಂಬುದು ಯಾರಿಗೂ ಗುಟ್ಟಲ್ಲ. ಅದಕ್ಕೊಂದು ನೆಪ ಬೇಕಿತ್ತು.

ಫೋಟೋದಲ್ಲಿ ಅನ್ನಪೂರ್ಣಾಗೆ ಕಂಡದ್ದು ಇಷ್ಟು: ಮೊದಲ ಸಾಲಿನಲ್ಲಿ "ಮದರಬಿ ಅವರಿಗೆ". ಎರಡನೆಯದರಲ್ಲಿ "ನಾಳೆಯಿಂದ", ಆಮೇಲೆ ಅರಿಷಿಣದ ದೊಡ್ಡ ಕಲೆ, ಆಮೇಲೆ "ಅಡುಗೆಗೆ". ಮೂರನೆಯದರ ಆರಂಭವೂ ಕಲೆಯ ಕೆಳಗೆ, ಕೊನೆಗೆ "ಬೇಡ". ಆಮೇಲೆ "ಮಕ್ಕಳು ವಾಂತಿ", ಅಲ್ಲಿಂದ ಮುಂದೆ ಕಾಗದ ಮಡಚಿದ ಗೆರೆ. ಕೊನೆಯ ಸಾಲಿನಲ್ಲಿ ಒಂದು "ಕೀಲಿ". ಅದರ ಹಿಂದೆ ಮುಂದೆ ತಿಕ್ಕಿಹೋಗಿತ್ತು. ಸಹಿ, ತಾರೀಖು ಇರಬೇಕಾದ ಜಾಗದಲ್ಲಿ ಒಬ್ಬ ಗಂಡಸಿನ ಹೆಬ್ಬೆರಳು.

ಗುಂಪಿನ ಓದು ಬೇರೆ ಇತ್ತು. "ನಾಳೆಯಿಂದ ನೀವು ಅಡುಗೆಗೆ ಬರುವುದು ಬೇಡ. ಮಕ್ಕಳು ವಾಂತಿ ಮಾಡಿಕೊಂಡಿದ್ದಾರೆ. ಕೀಲಿ ಕೊಟ್ಟು ಹೋಗಿ." ಇದನ್ನು ಮೊದಲು ಬರೆದವನು ಯಾರೋ, ಅವನ ಕೆಳಗೆ ಇಪ್ಪತ್ತೆರಡು ಜನ ಹೆಬ್ಬೆಟ್ಟು ಒತ್ತಿದ್ದರು. ಹೆಡ್‌ಮಾಸ್ತರೇ ತೆಗೆದುಹಾಕಿದ್ದಾರೆ ಎಂದು ಒಬ್ಬ. ಹೆಡ್‌ಮಾಸ್ತರು ಹೇಳಿದರೂ ಆಕೆ ಬಿಟ್ಟು ಹೋಗಿಲ್ಲ ಎಂದು ಇನ್ನೊಬ್ಬ. ಒಂದು ಪತ್ರವನ್ನೂ ಪೂರ್ತಿ ಓದುವ ತಾಳ್ಮೆಯಿಲ್ಲದವರಿಗೆ ಅರ್ಧ ಪತ್ರ ಎಷ್ಟು ಸಲೀಸಾಗಿ ಓದಲು ಬರುತ್ತದೆ ಎಂದುಕೊಂಡಳು ಅನ್ನಪೂರ್ಣಾ.

ಧಾರವಾಡದಲ್ಲಿ ಎಂ.ಎ. ಓದುವಾಗ ಅವಳು ಎರಡು ವರ್ಷ ಶಾಸನಗಳ ಪಡಿಯಚ್ಚು ಓದಿದ್ದಳು. ಸವೆದ ಅಕ್ಷರ ಅನುಮಾನವಾಗಿ ಕಂಡರೆ ಕಂಸದೊಳಗೆ ಬರೆಯಬೇಕು. ಪೂರ್ತಿ ಹೋಗಿದ್ದರೆ ಜಾಗ ಅಳೆದು ಅಷ್ಟು ಚುಕ್ಕಿ ಇಡಬೇಕು. ಊಹೆ ಏನಿದ್ದರೂ ಅಡಿಟಿಪ್ಪಣಿಗೆ, ಸಾಲಿನೊಳಗೆ ಅಲ್ಲ. ಆ ವಿದ್ಯೆ ಇಲ್ಲಿಯವರೆಗೆ ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಅವಳು ಒಂದು ಹಾಳೆಯಲ್ಲಿ ಹಾಗೆಯೇ ಬರೆದಳು. ಫೋಟೋವನ್ನು ದೊಡ್ಡದು ಮಾಡಿದಳು, ಬೆಳಕು ಹೆಚ್ಚಿಸಿದಳು, ಕಡಿಮೆ ಮಾಡಿದಳು. ಮೊದಲ ಕಲೆ ಏಳೆಂಟು ಅಕ್ಷರದಷ್ಟು ಅಗಲವಿತ್ತು. "ನೀವು" ಎಂಬುದು ಎರಡೇ ಅಕ್ಷರ. ಹಾಗೆಂದು ಅದು ಇರಲಾರದು ಎನ್ನುವಂತೆಯೂ ಇರಲಿಲ್ಲ, ಕೆಲವರು ಬಿಡಿಬಿಡಿಯಾಗಿ ಬರೆಯುತ್ತಾರೆ. ಕಾಗದದ ನೆತ್ತಿಯಲ್ಲಿ ಒಂದು ತೂತು, ತೂತಿನ ಸುತ್ತ ತುಕ್ಕಿನ ಉಂಗುರ. ಮೊಳೆಗೆ ಬಹಳ ದಿನ ತೂಗಿದ್ದಿರಬಹುದು. ಬಹುದು ಅಷ್ಟೆ.

ಅಮರೇಶ ಸರ್‌ಗೆ ಕರೆ ಮಾಡಿದಳು. ಫೋನು ಬಂದ್. ಫೋಟೋ ಕಳಿಸಿ, ಇದು ನೀವು ಬರೆದದ್ದೇ, ಯಾವಾಗ ಬರೆದದ್ದು ಎಂದು ಕೇಳಿದಳು. ಒಂದೇ ಟಿಕ್ ಬಿದ್ದು ನಿಂತಿತು, ಸಂದೇಶ ಅವರಿಗೆ ತಲುಪಿರಲಿಲ್ಲ. ಪರಶುಗೆ ಕರೆ ಮಾಡಿದಳು.

"ನನಗ ಫಾರ್ವರ್ಡ್ ಬಂದದ್ದರಿ ಅಕ್ಕಾರ."

"ಯಾರಿಂದ?"

"ನೆನಪಿಲ್ಲರಿ. ಭಾಳ ಮಂದಿ ಕಳಸ್ತಾರ."

"ಕಾಗದ ನೋಡಿಯೇನು? ಖರೇ ಕಾಗದ?"

"ಫೋಟೋದಾಗ ಕಾಣಸ್ತದಲ್ರಿ," ಎಂದ ಪರಶು. ಅವನು ಅಂದಾನೆಪ್ಪನ ಅಳಿಯ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಸಮಿತಿ ಸೇರಿತು. ಒಂಬತ್ತು ಜನ ಸದಸ್ಯರಲ್ಲಿ ಆರು ಜನ ಬಂದಿದ್ದರು. ಮಕ್ಕಳ ಕಲಿಕೆಯ ಸಭೆಗೆ ಎಂದೂ ಇಬ್ಬರಿಗಿಂತ ಹೆಚ್ಚು ಬಂದದ್ದಿಲ್ಲ. ಅಂದಾನೆಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಮುಖ್ಯೋಪಾಧ್ಯಾಯರ ಕುರ್ಚಿಯಲ್ಲೇ ಕೂತ. ಮದರಬಿ ಬಾಗಿಲ ಹೊರಗೆ ಗೋಡೆಗೆ ಆತು ನಿಂತಿದ್ದಳು. ಒಳಗೆ ಕರೆದವರಿಲ್ಲ.

"ಅಕ್ಕಾರ, ಠರಾವ್ ಬರೀರಿ," ಎಂದ ಅಂದಾನೆಪ್ಪ. "ಮುಖ್ಯೋಪಾಧ್ಯಾಯರ ಚೀಟಿ ಪ್ರಕಾರ ಮದರಬಿನ್ನ ಕೆಲಸದಿಂದ ತೆಗೀಬೇಕು ಅಂತ ಎಲ್ಲಾರೂ ಒಪ್ಪೇವಿ. ಇವತ್ತ ತಾಲ್ಲೂಕು ಆಫೀಸಿಗೆ ಕಳಸೂಣು."

"ಚೀಟಿ ಎಲ್ಲೈತ್ರಿ?"

ಅವನು ಮೊಬೈಲು ಚಾಚಿದ.

"ಇದು ಫೋಟೋರಿ. ಚೀಟಿ?"

"ಎರಡೂ ಒಂದ ಅಲ್ಲೇನ್ರಿ?"

"ಅಲ್ರಿ. ಫೋಟೋದಾಗ ಸಹಿ ಮ್ಯಾಲ ಬಟ್ಟು ಐತಿ. ತಾರೀಖು ಕಾಣವಲ್ದು. ಸರ್ ಬರದದ್ದು ಅಂತ ನಿಮಗ ಹ್ಯಾಂಗ ಗೊತ್ತಾತು?"

"ಮತ್ಯಾರು ಬರೀತಾರ್ರಿ? ನಮ್ಮ ಎಮ್ಮಿ ಬರೀತದ?" ಎಂದ ಯಮನೂರಪ್ಪ, ಸಮಿತಿಯ ಹಿರಿಯ ಸದಸ್ಯ. ಐವರು ನಕ್ಕರು. ತಮ್ಮ ನಗುವಿಗೆ ತಾವೇ ಬೆನ್ನು ತಟ್ಟಿಕೊಳ್ಳುವಂಥ ಜನ.

ಅನ್ನಪೂರ್ಣಾ ನಡಾವಳಿ ಪುಸ್ತಕ ತೆರೆದಳು. "ಆತ್ರಿ. ಚೀಟಿ ಪ್ರಕಾರ ಅಂತೀರಿ, ಚೀಟಿಯೊಳಗ ಏನೈತೋ ಅದನ್ನ ಬರೀತೀನಿ. ಕೆಳಗ ಎಲ್ಲಾರೂ ಸಹಿ ಮಾಡ್ರಿ."

ಬರೆದು ಗಟ್ಟಿಯಾಗಿ ಓದಿದಳು. "ಮದರಬಿ ಅವರಿಗೆ. ನಾಳೆಯಿಂದ, ಏಳೆಂಟು ಅಕ್ಷರ ಕಾಣುವುದಿಲ್ಲ, ಅಡುಗೆಗೆ, ಮತ್ತೆ ಏಳೆಂಟು ಅಕ್ಷರ ಕಾಣುವುದಿಲ್ಲ, ಬೇಡ. ಮಕ್ಕಳು ವಾಂತಿ, ಮುಂದಿನದು ಕಾಣುವುದಿಲ್ಲ. ಕೀಲಿ, ಹಿಂದಿನದು ಮುಂದಿನದು ಕಾಣುವುದಿಲ್ಲ. ಬರೆದವರು ಯಾರೆಂದು ಫೋಟೋದಿಂದ ತಿಳಿಯುವುದಿಲ್ಲ. ತಾರೀಖು ತಿಳಿಯುವುದಿಲ್ಲ. ಫೋಟೋ ಯಾರಿಂದ ಬಂತೆಂದು ಗುಂಪಿಗೆ ಕಳಿಸಿದವರಿಗೆ ನೆನಪಿಲ್ಲ. ಇದರ ಆಧಾರದ ಮೇಲೆ ಹನ್ನೊಂದು ವರ್ಷ ದುಡಿದವರನ್ನು ತೆಗೆಯಲು ಕೆಳಗಿನ ಸದಸ್ಯರು ಒಪ್ಪಿದ್ದಾರೆ."

ಪುಸ್ತಕವನ್ನು ಯಮನೂರಪ್ಪನ ಕಡೆ ತಿರುಗಿಸಿ ಪೆನ್ನು ಇಟ್ಟಳು. ಆತ ಪೆನ್ನನ್ನು ನೋಡಿದ. ಆಮೇಲೆ ಅಂದಾನೆಪ್ಪನನ್ನು ನೋಡಿದ. ಆಮೇಲೆ ಕನ್ನಡಕ ತಂದಿಲ್ಲ ಎಂದ. ಕನ್ನಡಕ ಮೂಗಿನ ಮೇಲೇ ಇತ್ತು.

"ಹಿಂಗ ಬರದರ ಯಾರು ಸಹಿ ಮಾಡ್ತಾರ್ರಿ? ಸ್ವಲ್ಪ ಸುದ್ದಾಗಿ ಬರೀರಿ," ಎಂದ ಅಂದಾನೆಪ್ಪ.

"ಇದ್ದದ್ದ ಬರದೀನ್ರಿ. ಇಲ್ಲದ್ದು ನೀವು ಬರೀರಿ, ನಿಮ್ಮ ಕೈಲೆ."

ಅಷ್ಟರಲ್ಲಿ ಮದರಬಿಯ ಮಗ ಇರ್ಫಾನ ಬಂದ. ಗಜೇಂದ್ರಗಡದಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುವವನು, ಅಂಗಡಿ ಮುಚ್ಚಿ ಓಡಿ ಬಂದಿದ್ದ. ಅನ್ನಪೂರ್ಣಾಳನ್ನು ಬಾಗಿಲಿಗೆ ಕರೆದು ಮೆಲ್ಲಗೆ ಹೇಳಿದ: "ಅಕ್ಕಾರ, ಆ ಕಲೆ ಕೆಳಗ ಎಣ್ಣಿ ಬಗ್ಗೆ ಐತಿ ಅಂತ ಹೇಳಿಬಿಡ್ರಲಾ. ಹಳೇ ಎಣ್ಣಿ ಹಾಕಬ್ಯಾಡ ಅಂತ. ನೀವು ಕಲತವರು, ನಿಮ್ಮ ಮಾತ ನಂಬ್ತಾರ."

"ಅವರು ಒಂದು ತುಂಬಿದರು, ನೀನೊಂದು ತುಂಬಂತಿ. ನನಗ ಕಾಣವಲ್ದು ಇರ್ಫಾನ. ಹೇಳೂದಿಲ್ಲ."

ಇರ್ಫಾನನ ಮುಖ ಬಿಗಿಯಿತು. ಅವನ ತಾಯಿಯ ಅನ್ನ ಹೋಗುವುದರಲ್ಲಿತ್ತು, ಈಕೆ ಚುಕ್ಕಿ ಎಣಿಸುತ್ತಿದ್ದಳು. ಅವನಿಗೆ ಹಾಗೆ ಕಂಡಿದ್ದರೆ ತಪ್ಪಲ್ಲ. ಆದರೆ ಅನ್ನಪೂರ್ಣಾಗೆ ಆಗ ಹೊಳೆದದ್ದು ಬೇರೆ, ಮತ್ತು ಅದು ಹೊಳೆಯಲು ಒಂದು ರಾತ್ರಿ ಬೇಕಾಯಿತೇ ಎಂದು ತನ್ನ ಮೇಲೂ ಅಸಹ್ಯವಾಯಿತು. ಚೀಟಿಯ ಮೊದಲ ಸಾಲನ್ನು ಎಲ್ಲರೂ ಓದಿದ್ದರು. ಅದು ಮದರಬಿಗೆ ಬರೆದದ್ದು. ಮದರಬಿಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದದ್ದರಿಂದ ಊರಿನ ಒಬ್ಬನೂ ಆಕೆಯನ್ನು ಕೇಳಿರಲಿಲ್ಲ. ಅನ್ನಪೂರ್ಣಾಳೂ ಕೇಳಿರಲಿಲ್ಲ.

"ಚಾಚಿ, ಇಂಥಾ ಚೀಟಿ ನಿಮಗ ಯಾವಾಗರೆ ಬಂದಿತ್ತೇನು?" ಫೋಟೋ ತೋರಿಸಿದಳು.

ಮದರಬಿ ಅಕ್ಷರಗಳನ್ನು ನೋಡಲಿಲ್ಲ, ಕಲೆಯನ್ನು ನೋಡಿದಳು. "ಇದು ನನ್ನ ಕೈ ಅರಿಷಿಣರಿ. ಹೋದ ವರ್ಷ ಮಳಿಗಾಲದಾಗ ಕೊಟ್ಟಿದ್ದರು ಹೆಡ್‌ಸರ್. ಏಳನೇ ಕ್ಲಾಸಿನ ಹುಡುಗಿ ಕಡೆ ಮೂರು ಸಲ ಓದಿಸಿ ಬಾಯಿಪಾಠ ಮಾಡಿದ್ದೆ. ತೊಟ್ಟಿ ನೀರು ಅಡಿಗಿಗೆ ತಗೋಬ್ಯಾಡ, ಹುಡುಗೂರು ವಾಂತಿ ಮಾಡ್ಕೊಂಡಾವು, ಮುಚ್ಚಳಕ್ಕ ಕೀಲಿ ಹಾಕು. ಅಂದಿನಿಂದ ಬೋರಿನ ನೀರ ತರ್ತೀನಿ. ಚೀಟಿ ದಾಸ್ತಾನು ಕೋಣ್ಯಾಗ ಮೊಳಿಗೆ ಹಾಕಿದ್ದೆ."

"ಬಾಯಿಲೆ ಹೇಳಾಕ ಏನು, ಯಾರು ಬೇಕಾದರೂ ಹೇಳ್ತಾರ," ಎಂದ ಅಂದಾನೆಪ್ಪ.

"ಖರೇ," ಎಂದಳು ಅನ್ನಪೂರ್ಣಾ. "ಇವರು ಹೇಳಿದ್ದು ಇವರ ಮಾತು, ಚೀಟಿ ಮಾತಲ್ಲ. ಚೀಟಿ ನೋಡೂಣು. ಕೋಣಿ ಕೀಲಿ ಕೊಡ್ರಿ. ಮಂಗಳವಾರದಿಂದ ನಿಮ್ಮ ಕಡೆನ ಐತಲ್ರಿ."

ಮಂಗಳವಾರದಿಂದ ಬೀಗ ಹಾಕಿದ್ದ ಕೋಣೆಯೊಳಗಿನ ಕಾಗದದ ಫೋಟೋ ಬುಧವಾರ ಊರಿಗೆ ಹೇಗೆ ಬಂತು ಎಂದು ಅವಳು ಕೇಳಲಿಲ್ಲ. ಫೋಟೋ ಮೊದಲೇ ಯಾರೋ ತೆಗೆದದ್ದೂ ಇರಬಹುದು. ಆದರೆ ಕೇಳದ ಆ ಪ್ರಶ್ನೆಯನ್ನು ಆರೂ ಜನ ತಾವಾಗಿಯೇ ಓದಿಕೊಂಡರು. ಅಂದಾನೆಪ್ಪ ಕೀಲಿಯನ್ನು ಮೇಜಿನ ಮೇಲೆ ಇಟ್ಟ. ಹೆಬ್ಬೆರಳನ್ನು ಮಡಿಚಿಕೊಂಡೇ ಇಟ್ಟ.

ಚೀಟಿ ಮೊಳೆಯಲ್ಲೇ ಇತ್ತು. ಅನ್ನಪೂರ್ಣಾ ಅದನ್ನು ಕಿಟಕಿಗೆ ತಂದು ಬೆಳಕು ಓರೆಯಾಗಿ ಬೀಳುವಂತೆ ಹಿಡಿದಳು. ಬಾಲ್‌ಪೆನ್ನು ಒತ್ತಿ ಬರೆದಿದ್ದರಿಂದ ಕಲೆಯ ಕೆಳಗೂ ಕಾಗದ ತಗ್ಗಾಗಿತ್ತು. "ತೊಟ್ಟಿಯ ನೀರನ್ನು." ಮುಂದೆ "ತೆಗೆದುಕೊಳ್ಳುವುದು." ಮಡಿಕೆ ಬಿಡಿಸಿದಾಗ "ಮಾಡಿಕೊಂಡಾರು." ಕೆಳಗೆ ಅಮರೇಶ ಸರ್ ಸಹಿ, ಹೋದ ವರ್ಷದ ಆಗಸ್ಟ್ ತಿಂಗಳು. ಕೀಲಿಯ ಮುಂದೆ "ಹಾಕಿ". ಅದರ ಹಿಂದಿನ ಪದ ಮಾತ್ರ ಯಾವ ಬೆಳಕಿಗೂ ಏಳಲಿಲ್ಲ.

ಒಬ್ಬೊಬ್ಬರನ್ನೇ ಕಿಟಕಿಗೆ ಕರೆದು ತೋರಿಸಿದಳು. ಯಮನೂರಪ್ಪ ಚೀಟಿಯನ್ನು ಚೆನ್ನಾಗಿಯೇ ಓದಿದ.

"ಅಲ್ಲಿ ಮುಚ್ಚಳಕ್ಕ ಅಂತ ಬರದುಬಿಡ್ರಿ, ಆಕಿ ಹೇಳ್ಯಾಳಲ್ಲ," ಎಂದ ಉದಾರವಾಗಿ.

"ಕಾಣಂಗಿಲ್ರಿ. ಚುಕ್ಕಿ ಇಡ್ತೀನಿ. ಆಕಿ ಹೇಳಿದ್ದನ್ನ ಬ್ಯಾರೆ ಬರೀತೀನಿ, ಆಕಿ ಹೇಳಿದ್ದು ಅಂತ."

ಹಳೆಯ ಬರಹಕ್ಕೆ ಗೀಟು ಹೊಡೆದು, ಗೀಟಿನ ಕೆಳಗೆ ಸಹಿ ಮಾಡಿ, ಹೊಸದು ಬರೆದಳು. ಸೋಮವಾರದ ವಾಂತಿಗೆ ಕಾರಣ ತಿಳಿದಿಲ್ಲ ಎಂದೂ ಸೇರಿಸಿದಳು. ಐವರು ಸಹಿ ಮಾಡಿದರು. ಠರಾವು ಬಿದ್ದುಹೋಯಿತು. ಅಂದಾನೆಪ್ಪನಿಗೆ ರೋಣಕ್ಕೆ ಹೋಗುವ ಅರ್ಜೆಂಟು ಕೆಲಸ ನೆನಪಾಯಿತು. ಪೂರ್ತಿ ಚೀಟಿಯ ಫೋಟೋವನ್ನು, ಸಹಿ ತಾರೀಖು ಕಾಣುವಂತೆ, ಎಲ್ಲಿ ಸಿಕ್ಕಿತು ಎಂದು ಕೆಳಗೆ ಬರೆದು ಅವಳು ಗುಂಪಿಗೆ ಹಾಕಿದಳು. ನಿನ್ನೆ ಹೆಬ್ಬೆಟ್ಟು ಒತ್ತಿದ್ದ ಇಪ್ಪತ್ತೆರಡು ಜನರಲ್ಲಿ ಒಬ್ಬನೂ ಇವತ್ತು ಮೊಬೈಲು ನೋಡಿದಂತೆ ಕಾಣಲಿಲ್ಲ.

ಇರ್ಫಾನ ಗಾಡಿ ಹತ್ತಿ ಹೋದ. ಮದರಬಿ ಇನ್ನೂ ಹೊಸ್ತಿಲ ಹೊರಗೇ ನಿಂತಿದ್ದಳು.

"ನಾ ನಾಳೆ ಬರಬೇಕೇನ್ರಿ ಅಕ್ಕಾರ?"

"ನಾಳೆ ಯಾಕ ಚಾಚಿ. ಇನ್ನೂ ಹನ್ನೊಂದೂವರಿ. ಅಕ್ಕಿ ತೊಳೀರಿ."