ತಮ್ಮನ ಚಿತ್ರಗಳ ನೀಲಿ

ತಮ್ಮ ತೀರಿಕೊಂಡು ಮೂರನೇ ವಾರ ಅಕ್ಕ ಮತ್ತೆ ಕೆಲಸಕ್ಕೆ ಕೂತಳು. ಕಟ್ಟಡಗಳು ಎದ್ದು ನಿಲ್ಲುವ ಮೊದಲೇ ಅವುಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವುದು ಅಕ್ಕತಮ್ಮಂದಿರ ಕಸುಬು. ಎರಡು ಮೇಜು, ಎರಡು ಮಾನಿಟರ್, ನಡುವೆ ಒಂದು ಕಿಟಕಿ, ಅಷ್ಟೇ ಅವರ ಆಫೀಸು. ಈಗ ಒಂದು ಕುರ್ಚಿ ಖಾಲಿ.

ಬಾಕಿ ಉಳಿದಿದ್ದು ಒಂದು ಗ್ರಂಥಾಲಯದ ಕೆಲಸ. ಆರು ಚಿತ್ರಗಳಲ್ಲಿ ಮೂರು ಅವಳವು, ಮೂರು ತಮ್ಮನವು. ಆರ್ಕಿಟೆಕ್ಟ್ ಒಳ್ಳೆಯ ಮನುಷ್ಯ, ಅವಸರ ಮಾಡಿರಲಿಲ್ಲ. ಫೋನಿನಲ್ಲಿ ತಡವರಿಸುತ್ತಲೇ ಹೇಳಿದ:

"ಈ ಹೊತ್ತಲ್ಲಿ ಇದನ್ನ ಹೇಳೋಕೆ ಬಾಯಿ ಬರ್ತಿಲ್ಲಮ್ಮ. ಪಕ್ಕಪಕ್ಕ ಇಟ್ಟರೆ ಒಂದೇ ಕಟ್ಟಡ ಅನಿಸ್ತಿಲ್ಲ. ನಿಮ್ಮವು ಹಳದಿಗೆ ವಾಲಿವೆ, ಅವನವು ನೀಲಿ ಹೊಡೀತಿವೆ."

ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ತಮ್ಮ ಆ ಚಿತ್ರಗಳನ್ನು ಅವಳ ಯಂತ್ರಕ್ಕೆ ಕಳಿಸಿದ ದಿನವೇ ರೇಗಿಸಿದ್ದಳು. "ಏನೋ ಇದು, ಗ್ರಂಥಾಲಯನೋ ಶವಾಗಾರನೋ?"

"ನನ್ನ ಕಣ್ಣಿಗೆ ಬೆಳ್ಳಗೇ ಕಾಣ್ತಿದೆಯಲ್ಲೇ ಅಕ್ಕ," ಎಂದು ತನ್ನ ಪರದೆ ನೋಡುತ್ತಲೇ ನಕ್ಕಿದ್ದ.

ಈಗ ಆರನ್ನೂ ಒಂದೇ ಪರದೆಯ ಮೇಲೆ ಸಾಲಾಗಿ ಹರಡಿದಳು. ಎಲ್ಲದರಲ್ಲೂ ಇರುವ ಒಂದೇ ವಸ್ತು ಬಿಳಿ ಗೋಡೆ. ಕಣ್ಣು ಬೇಗ ಒಗ್ಗಿಹೋಗಿ ಮೋಸ ಮಾಡುತ್ತದೆಂದು ಗೋಡೆಯ ಬಣ್ಣವನ್ನು ಅಂಕಿಗಳಲ್ಲಿ ಅಳೆದಳು. ತನ್ನ ಚಿತ್ರಗಳಲ್ಲಿ ದೀಪದ ಹತ್ತಿರ ಮಾತ್ರ ಹಳದಿ ಹೆಚ್ಚು, ಕಿಟಕಿಯ ಬಳಿ ಸರಿಯಿದೆ. ದೀಪದ ಬೆಳಕನ್ನು ಬೇರೆ ಪದರವಾಗಿ ಉಳಿಸಿಕೊಂಡಿದ್ದರಿಂದ ಅದನ್ನಷ್ಟೇ ತಗ್ಗಿಸಿದಳು. ಅದು ಮುಗಿಯಿತು.

ತಮ್ಮನ ಚಿತ್ರಗಳಿಗೆ ಬಂದಾಗ ಅವಳ ಕೈ ನಿಂತಿತು. ಬಿಸಿಲು, ನೆರಳು, ಮರದ ಕಪಾಟು, ಎಲ್ಲದರ ಮೇಲೂ ಒಂದೇ ಸಮನಾದ ನೀಲಿ. ಮೂರು ಚಿತ್ರಗಳಲ್ಲೂ ಹೆಚ್ಚುಕಡಿಮೆ ಅದೇ ಅಳತೆ. ಕೈತಪ್ಪಿ ಆಗುವ ತಪ್ಪು ಹೀಗೆ ಲೆಕ್ಕವಿಟ್ಟು ಬರುವುದಿಲ್ಲ. ಮೂಲ ಕಡತ ನೋಡೋಣವೆಂದು ಎದ್ದು ಹೋಗಿ ತಮ್ಮನ ಯಂತ್ರ ಹಚ್ಚಿದಳು.

ಅಲ್ಲಿ ಅದೇ ಗೋಡೆ ಬೆಳ್ಳಗಿತ್ತು. ಚೆಂದದ, ಹಾಲಿನಂಥ ಬಿಳುಪು.

ಪರದೆಯ ಸೆಟ್ಟಿಂಗ್ ತೆಗೆದಳು. ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿಗೆ ತಿರುಗಿಸುವ ವ್ಯವಸ್ಥೆ ಇರುತ್ತದಲ್ಲ, ಅದು ಹಗಲೂ ರಾತ್ರಿ ಚಾಲೂ ಇತ್ತು, ಪರದೆಯ ಬೆಳಕನ್ನೂ ತೀರಾ ತಗ್ಗಿಸಿಟ್ಟಿದ್ದ. ಆ ಹಳದಿ ಪರದೆಯ ಮೇಲೆ ಗೋಡೆ ಬೆಳ್ಳಗೆ ಕಾಣುವವರೆಗೆ ಅವನು ಚಿತ್ರಕ್ಕೆ ನೀಲಿ ಸೇರಿಸಿದ್ದ. ಪರದೆಯ ಹಳದಿ ಪರದೆಯಲ್ಲೇ ಉಳಿದಿತ್ತು. ನೀಲಿ ಮಾತ್ರ ಚಿತ್ರದ ಜೊತೆ ಹೊರಟುಬಂದಿತ್ತು.

ಬಣ್ಣದ ಕೆಲಸ ಮಾಡುವವರು ಆ ಗುಂಡಿಯನ್ನು ಮುಟ್ಟುವುದೇ ಇಲ್ಲ. ಅವನಿಗೆ ಅದು ಗೊತ್ತಿಲ್ಲದ್ದೇ? ಅವಳು ತಮ್ಮನ ಹೆಂಡತಿಗೆ ಫೋನ್ ಮಾಡಿದಳು.

"ಬೆಳಕು ಕಂಡ್ರೆ ಆಗ್ತಿರಲಿಲ್ಲ ಅಕ್ಕ," ಎಂದಳು ಆಕೆ. "ತಲೆನೋವು ಶುರುವಾಗಿ ತಿಂಗಳುಗಳೇ ಆಗಿತ್ತು. ಮನೇಲೂ ಕಿಟಕಿ ಪರದೆ ಎಳ್ಕೊಂಡೇ ಕೂರ್ತಿದ್ರು. ಈ ಕೆಲಸ ಮುಗೀಲಿ, ಡಾಕ್ಟರ್ ಹತ್ರ ಹೋಗೋಣ ಅಂತಿದ್ರು."

"ನನಗೆ ಯಾಕಮ್ಮ ಒಂದು ಮಾತು ಹೇಳಲಿಲ್ಲ?"

"ಅಕ್ಕಂಗೆ ಗೊತ್ತಾದ್ರೆ ಇವತ್ತೇ ಎಳ್ಕೊಂಡು ಹೋಗ್ತಾಳೆ ಅಂತ ನನ್ನ ಬಾಯಿ ಮುಚ್ಚಿಸಿದ್ರು."

ಮೆದುಳಿನಲ್ಲಿ ಗಡ್ಡೆ ಇತ್ತು, ರಕ್ತನಾಳ ಒಡೆದಿತ್ತು ಎಂದು ವೈದ್ಯರು ಹೇಳಿದಾಗ ಎಲ್ಲರೂ ದಿಢೀರ್ ಸಾವು ಎಂದಿದ್ದರು. ಅದು ದಿಢೀರನೆ ಬಂದಿರಲಿಲ್ಲ. ಅವಳ ಪಕ್ಕದ ಮೇಜಿನಲ್ಲೇ ಕೂತಿತ್ತು. ಚಿತ್ರ ಚಿತ್ರದಲ್ಲೂ ಕಾಣಿಸಿಕೊಂಡಿತ್ತು. ಅವಳು ನೋಡಿದ್ದಳು, ನೋಡಿ ತಮಾಷೆ ಮಾಡಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಆ ಖಾಲಿ ಕುರ್ಚಿಯಲ್ಲಿ ಕುಸಿದು ಅತ್ತಳು.

ಕೆಲಸ ಬಿಡುವ ಹಾಗಿರಲಿಲ್ಲ. ನೀಲಿ ಒಂದೇ ಸಮನಾಗಿದ್ದುದರಿಂದ ಒಂದೇ ತಿದ್ದುಪಡಿ ಮೂರಕ್ಕೂ ಸರಿಹೋಗುತ್ತಿತ್ತು. ಬಣ್ಣವನ್ನು ಬೆಚ್ಚಗಿನ ಕಡೆಗೆ ಒಂದೊಂದೇ ಗೆರೆ ಸರಿಸಿದಳು. ಸರಿಸಿದಷ್ಟೂ ಗೋಡೆಗೆ ಜೀವ ಬಂತು, ಕಪಾಟು ಮರದ ಬಣ್ಣಕ್ಕೆ ತಿರುಗಿತು. ತಮ್ಮನ ನೋವೂ ಅಷ್ಟಷ್ಟೇ ಚಿತ್ರದಿಂದ ಅಳಿಸಿಹೋಗುತ್ತಿತ್ತು. ತಾನೇ ಒರೆಸಿಹಾಕುತ್ತಿದ್ದೇನೆ ಅನ್ನಿಸಿ ಎರಡು ಸಲ ಕೈ ಹಿಂದೆ ತೆಗೆದಳು. ಕಿಟಕಿಯ ಕೆಳಗಿನ ನೆರಳಿನಲ್ಲಿ ಮಾತ್ರ ಚೂರು ನೀಲಿ ಬಿಟ್ಟಳು. ಆಕಾಶದ ಬೆಳಕು ಬೀಳುವ ಜಾಗ ಅದು, ಅಲ್ಲಿ ನೀಲಿ ಇರಬೇಕಾದದ್ದೇ.

ಮರುದಿನ ಆರ್ಕಿಟೆಕ್ಟ್ ಆರನ್ನೂ ನೋಡಿ ಉಸಿರು ಬಿಟ್ಟ. "ಈಗ ನೋಡಿ, ಎಲ್ಲಾ ಒಬ್ಬರೇ ಮಾಡಿದ ಹಾಗಿದೆ!"

"ಇಲ್ಲ," ಎಂದಳು. "ಇಬ್ಬರು ಮಾಡಿದ್ದು. ಹೆಸರು ಹಾಕುವಾಗ ಅವನದ್ದೇ ಮೊದಲು ಹಾಕಿ."