ಕದಡಿದ ಮೊಟ್ಟೆ

ಮಗಳು ಊಟ ಬಿಟ್ಟು ಇಪ್ಪತ್ತು ದಿನ ದಾಟಿತ್ತು. ಪೂರ್ತಿ ಬಿಟ್ಟಿದ್ದಳೆಂದಲ್ಲ; ಎರಡು ಬಿಸ್ಕತ್ತು, ಅರ್ಧ ಲೋಟ ಹಾಲು, ಬಲವಂತ ಮಾಡಿದರೆ ಬಾಳೆಹಣ್ಣಿನ ಒಂದು ತುಂಡು. ಏಳು ವರ್ಷದ ಹುಡುಗಿ ಎಷ್ಟು ದಿನ ಅದರಲ್ಲೇ ನಡೆದಾಳು? ಶಾಲೆಯ ಟೀಚರು ಎರಡು ಸಲ ಫೋನ್ ಮಾಡಿ, ಡಬ್ಬಿ ಹೇಗೆ ಬಂತೋ ಹಾಗೇ ವಾಪಸ್ ಹೋಗ್ತಿದೆ, ಮಗು ಪ್ರಾರ್ಥನೆಯಲ್ಲಿ ನಿಂತಲ್ಲೇ ತೂಗಾಡುತ್ತೆ, ಡಾಕ್ಟರಿಗೆ ತೋರಿಸಿ ಎಂದಿದ್ದರು. ಡಾಕ್ಟರಿಗೆ ತೋರಿಸಿದ್ದೂ ಆಗಿತ್ತು. ಅವರು ನಾಲಿಗೆ ನೋಡಿ, ಹೊಟ್ಟೆ ಒತ್ತಿ, ಅಪ್ಪನನ್ನು ಹೊರಗೆ ಕರೆದು, "ಇದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಏನು ಕೇಳ್ತಾಳೋ ಅದನ್ನ ಕೊಡಿ," ಎಂದರು.

ಅವಳು ಕೇಳುತ್ತಿದ್ದುದು ಒಂದೇ. "ಅಮ್ಮ ಮಾಡೋ ಥರ ನೂಡಲ್ಸ್. ಮೊಟ್ಟೆ ಹಾಕಿ."

ಅಮ್ಮ ಒಂದು ಬೆಳಿಗ್ಗೆ ತಲೆನೋವು ಎಂದವಳು ಮೂರನೇ ದಿನಕ್ಕೆ ಇರಲಿಲ್ಲ.

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಹತ್ತು ಮಹಡಿ ಮೇಲಿಂದ ಹಗ್ಗ ಯಾಕೆ ಕಿರುಗುಟ್ಟುತ್ತೆ, ಬಾಗಿಲು ಮುಚ್ಚಿದ ಮೇಲೂ ಮತ್ತೆ ಯಾಕೆ ತೆರೆಯುತ್ತೆ ಎಂಬುದನ್ನೆಲ್ಲ ನಿಂತ ಕಡೆಯಿಂದಲೇ ಹೇಳಬಲ್ಲ. ಕೆಟ್ಟದ್ದು ಯಾವುದೇ ಇರಲಿ, ಒಂದೊಂದಾಗಿ ಬಿಚ್ಚಿ ನೋಡುತ್ತ ಹೋದರೆ ತಪ್ಪು ಸಿಕ್ಕೇ ಸಿಗುತ್ತದೆ ಎಂದು ನಂಬಿದ ಮನುಷ್ಯ. ನೂಡಲ್ಸಿಗೂ ಅದೇ ಲೆಕ್ಕ ಹಿಡಿದ.

ಮೊದಲ ದಿನ ಬುಲ್ಸ್‌ಐ. ಹೆಂಡತಿ ಅವನಿಗೆ ಮಾಡಿಕೊಡುತ್ತಿದ್ದುದು ಅದನ್ನೇ, ಹಾಗಾಗಿ ಅವನಿಗೆ ಗೊತ್ತಿದ್ದುದೂ ಅದೊಂದೇ. ಬಾಣಲೆಯಲ್ಲಿ ಎಣ್ಣೆ ಚೆನ್ನಾಗಿ ಕಾಯಿಸಿ ಮೊಟ್ಟೆ ಒಡೆದು ಹಾಕಿದ. ಅಂಚು ಗರಿಗರಿಯಾಗಿ ಕಂದು ಬಣ್ಣಕ್ಕೆ ತಿರುಗಿತು, ನಡುವೆ ಹಳದಿ ದುಂಡಗೆ ನಿಂತಿತು. ಅದನ್ನೆತ್ತಿ ನೂಡಲ್ಸ್ ಮೇಲೆ ಇಟ್ಟಾಗ ಅವನಿಗೇ ಬಾಯಲ್ಲಿ ನೀರೂರಿತು. ಮಗಳು ಬಗ್ಗಿ ನೋಡಿದಳು. ಸಾರಿನ ಮೇಲೆ ಎಣ್ಣೆಯ ಬಳೆಗಳು ತೇಲುತ್ತಿದ್ದವು.

"ಇದು ನಿಂದು," ಎಂದಳು. "ನಂದಲ್ಲ."

ಎರಡು ದಿನ ಬಿಟ್ಟು ಮೊಟ್ಟೆಯನ್ನು ನೀರಲ್ಲೇ ಬೇಯಿಸಿ ಮೇಲಿಡುವ ಬಗೆ. ಪಕ್ಕದ ಮನೆಯಾಕೆ ಹೇಳಿಕೊಟ್ಟದ್ದು: ನೂಡಲ್ಸ್ ಅರ್ಧ ಬೆಂದಾಗ ಉರಿ ಇಳಿಸಿ, ಬಟ್ಟಲಲ್ಲಿ ಒಡೆದಿಟ್ಟ ಮೊಟ್ಟೆಯನ್ನು ಮೆಲ್ಲಗೆ ಜಾರಿಸಿ, ಮುಚ್ಚಳ ಮುಚ್ಚಿ, ಮುಟ್ಟದೆ ಬಿಡಬೇಕು. ಅವನಿಗೆ ಉರಿ ಇಳಿಸುವುದು ಮರೆತುಹೋಯಿತು. ಕೊತಕೊತ ಕುದಿಯುವ ನೀರಿಗೆ ಬಿದ್ದ ಬಿಳಿ ದಾರದಾರವಾಗಿ ಚೆದುರಿ, ಹಳದಿ ಗೋಲಿಯ ಹಾಗೆ ಗಟ್ಟಿಯಾಯಿತು. ಅದನ್ನು ತಾನೇ ತಿಂದು, ಇನ್ನೊಂದು ಪ್ಯಾಕೆಟ್ ಒಡೆದು ಮತ್ತೆ ಮಾಡಿದ. ಈ ಸಲ ಚೆನ್ನಾಗೇ ಬಂತು. ಬಿಳಿ ಮೆತ್ತಗೆ ಹೊದ್ದುಕೊಂಡಿತ್ತು. ಚಮಚ ತಾಗಿಸಿದರೆ ಹಳದಿ ಒಡೆದು ಹರಿದು ಸಾರು ದಪ್ಪಗಾಯಿತು.

ಮಗಳು ಒಂದು ಚಮಚ ಬಾಯಿಗಿಟ್ಟು ಚಮಚ ಕೆಳಗಿಟ್ಟಳು. "ಮೊಟ್ಟೆ ಬೇರೆ, ನೂಡಲ್ಸ್ ಬೇರೆ ಆಯ್ತು. ಅಮ್ಮಂದು ಎರಡೂ ಒಟ್ಟಿಗೆ ಬರುತ್ತೆ."

"ಹಾಗಾದ್ರೆ ಒಳಗೇ ಕದಡಿ ಹಾಕ್ತಿದ್ಲಾ?"

ಅವಳ ಬಾಯಿಗೆ ಬೀಗ ಬಿತ್ತು. ಎಷ್ಟು ವಟವಟ ಎನ್ನುತ್ತಿದ್ದಳೆಂದರೆ ಅವಳಮ್ಮನೇ ಅವಳಿಗೆ ಗಿಣಿ ಎಂದು ಹೆಸರಿಟ್ಟಿದ್ದಳು. ಆ ಗಿಣಿ ಈಗ ತುಟಿ ಬಿಗಿಹಿಡಿದು, ಅಪ್ಪನ ಮುಖ ನೋಡದೆ, ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಿತು. ಅವನು ಪುಸಲಾಯಿಸಿದ, ಗದರಿದ, ಕೊನೆಗೆ ಕೈ ಮುಗಿದ. ಅವಳು ಬಟ್ಟಲು ದೂಡಿ ಎದ್ದುಹೋದಳು.

ಮರುದಿನ ಕದಡಿಯೇ ಹಾಕಿದ. ನೀರು ಮರಳುವಾಗ ಮೊಟ್ಟೆ ಒಡೆದು ಹಾಕಿ, ಫೋರ್ಕ್ ತಗೊಂಡು ಗಿರ್ರನೆ ತಿರುವಿದ. ಕ್ಷಣದಲ್ಲಿ ಸಾರೆಲ್ಲ ಕೆಸರು ನೀರಿನ ಬಣ್ಣಕ್ಕೆ ತಿರುಗಿತು. ಮೊಟ್ಟೆ ಪುಡಿಪುಡಿಯಾಗಿ, ರಬ್ಬರಿನ ಚೂರಿನಂತೆ ತಳ ಸೇರಿತು. ಮಗಳು ಮೂಸಿ ನೋಡಿದಳು, ಆಸೆಯಿಂದಲೇ ಒಂದು ಎಳೆ ಬಾಯಿಗೆ ಹಾಕಿದಳು, ಆಮೇಲೆ ಅತ್ತುಬಿಟ್ಟಳು. ಇಷ್ಟು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ಅವನು ಕೈಚೆಲ್ಲಿ ಕೂತ. ಇದ್ದದ್ದೇ ಮೂರು ದಾರಿ, ಮೂರೂ ಮುಗಿದುಹೋಗಿದ್ದವು.

ಹೆಂಡತಿ ಕೆಲಸ ಮಾಡುತ್ತಿದ್ದುದು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ. ಅವಳ ಬೀರುವಿನಲ್ಲಿದ್ದ ಸಾಮಾನು ತಗೊಂಡು ಹೋಗಿ ಎಂದು ಅಲ್ಲಿಂದ ಹೇಳಿಕಳಿಸಿ ಒಂದು ವಾರವಾಗಿತ್ತು. ಹೋಗಲು ಕಾಲೇ ಬರುತ್ತಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಹೋದ.

ನೆಲಮಾಳಿಗೆ. ಉಗಿ, ಸೋಪಿನ ವಾಸನೆ, ಬಿಳಿ ಹಾಸುಗೆ ಬಟ್ಟೆಗಳ ಗುಡ್ಡೆ. ನಡುವೆ ಹಾಸುಗೆ ಬಟ್ಟೆ ಇಸ್ತ್ರಿ ಮಾಡುವ ದೊಡ್ಡ ಉರುಳೆ ಮೆಷಿನ್. ಅದನ್ನು ನಡೆಸುವಾಕೆಯನ್ನು ಅಲ್ಲಿ ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಹೆಂಡತಿಯ ಬಾಯಲ್ಲಿ ಆ ಹೆಸರು ದಿನಾ ಕೇಳುತ್ತಿದ್ದ, ಮುಖ ನೋಡಿದ್ದು ಈಗಲೇ. ಆಕೆ ಒಂದು ಪ್ಲಾಸ್ಟಿಕ್ ಚೀಲ ತಂದು ಅವನ ಕೈಗಿಟ್ಟಳು. ಚಪ್ಪಲಿ, ಒಂದು ಬಾಚಣಿಗೆ, ಒಂದು ಸ್ವೆಟರು. ಅಷ್ಟೇ.

"ಮಗು ಹೇಗಿದೆ?"

ಅವನು ಸುಮ್ಮನೆ ಚೆನ್ನಾಗಿದೆ ಎನ್ನಬೇಕೆಂದಿದ್ದ. ಬಾಯಿ ಬಿಟ್ಟರೆ ಎಲ್ಲ ಹೊರಬಂತು. ಬುಲ್ಸ್‌ಐ, ಮೇಲಿಟ್ಟ ಮೊಟ್ಟೆ, ಕದಡಿದ ಮೊಟ್ಟೆ, ಮಗಳ ಅಳು. ಹೇಳುತ್ತ ಹೇಳುತ್ತ ಅವನಿಗೇ ನಾಚಿಕೆಯಾಯಿತು. ಹೆಂಡತಿ ಸತ್ತ ಗಂಡಸು ಪರರ ಎದುರು ನಿಂತು ನೂಡಲ್ಸಿನ ಪುರಾಣ ಬಿಚ್ಚುತ್ತಿದ್ದಾನೆ.

ಇಸ್ತ್ರಿ ಅಕ್ಕ ನಗಲಿಲ್ಲ. "ಇಲ್ಲಿ ಮಧ್ಯಾಹ್ನ ನೂಡಲ್ಸ್ ಮಾಡ್ಕೊಳ್ಳುವಾಗ ಅದಕ್ಕೇ ದಿನಾ ಜಗಳ ಆಗ್ತಿತ್ತು," ಎಂದಳು. "ನಂಗೆ ಮೇಲಿಟ್ಟದ್ದು ಬೇಕು. ಹಳದಿ ಒಡೆದು ತಿನ್ನೋದ್ರಲ್ಲೇ ಸುಖ ಇರೋದು. ಬಟ್ಟೆ ಮಡಚೋಳಿಗೆ ಬುಲ್ಸ್‌ಐ, ಕರುಕಲಾಗ್ಬೇಕು. ನಿಮ್ಮನೆಯವಳು ನಮ್ಮಿಬ್ಬರನ್ನೂ ಆಡಿಕೊಳ್ಳೋಳು. ನೀವು ಮೊಟ್ಟೆ ತಿಂತೀರಿ, ನೂಡಲ್ಸ್ ತಿಂತೀರಿ, ಎರಡನ್ನೂ ಕೂಡಿಸಿ ತಿನ್ನೋದೇ ಗೊತ್ತಿಲ್ಲ ಅನ್ನೋಳು. ಅವಳದ್ದು ಕದಡಿದ್ದೇ."

"ಕದಡಿಯೂ ಕೊಟ್ಟೆ ಅಕ್ಕ. ಬೇಡ ಅಂದ್ಲು."

"ಹೇಗೆ ಕದಡಿದ್ರಿ?"

ಹೇಳಿದ. ಆಕೆ ಹಣೆ ಚಚ್ಚಿಕೊಂಡಳು. "ಕುದೀತಿರೋದಕ್ಕೆ ಹಾಕಿ ತಿರುವಿದ್ರೆ ಗಂಜಿ ಆಗದೆ ಇನ್ನೇನಾಗುತ್ತೆ? ಬನ್ನಿ ಇಲ್ಲಿ."

ಮೂಲೆಯಲ್ಲಿ ಒಂದು ಕರೆಂಟ್ ಒಲೆ, ಒಂದು ನೆಗ್ಗಿದ ಪಾತ್ರೆ. "ಈ ಒಲೆ ಹಾಕಿದಾಗ ನನ್ನ ಮೆಷಿನ್ ಹಾಕೋ ಹಾಗಿಲ್ಲ. ಎರಡೂ ಹಾಕಿದ್ರೆ ಫ್ಯೂಸ್ ಹೋಗುತ್ತೆ."

"ಒಂದೇ ಲೈನಾ?" ಎಂದ ಅವನು, ಅಭ್ಯಾಸಬಲದಿಂದ.

"ಒಂದೇ. ಮೇಲಿಂದ ಬಟ್ಟೆ ಬಂತು ಅಂದ್ರೆ ಒಲೆ ಆರಿಸಲೇಬೇಕು. ಅವಳ ಸರದಿ ಯಾವಾಗ್ಲೂ ಕೊನೇದು. ನೂಡಲ್ಸ್ ಬೆಂದಿರುತ್ತೆ, ಮೊಟ್ಟೆ ಹಾಕಬೇಕು ಅನ್ನೋಷ್ಟರಲ್ಲಿ ನಾನು ಆರಿಸು ಅಂತ ಕೂಗ್ತಿದ್ದೆ. ಅವಳು ಆರಿಸಿದ ಮೇಲೇ ಹಾಕೋಳು. ಲೋಟದಲ್ಲಿ ಮೊದಲೇ ಕಲಸಿಟ್ಟ ಮೊಟ್ಟೆ, ಸಣ್ಣ ಧಾರೆಯಾಗಿ ಸುತ್ತಲೂ. ಹಾಕಿ ತಟ್ಟೆ ಮುಚ್ಚಿ ನಲವತ್ತು ಎಣಿಸೋಳು. ಮುಟ್ಟೋಳಲ್ಲ. ಆಮೇಲೆ ತೆಗೆದು ಎರಡೇ ಎರಡು ಸಲ ತಿರುವು. ಮೊಟ್ಟೆ ಹತ್ತಿ ಹತ್ತಿಯಾಗಿ ಎಳೆಗೆಲ್ಲ ಅಂಟಿಕೊಂಡಿರೋದು. ಮನೇಲೂ ಹಾಗೇ ಮಾಡ್ತೀನಿ ಅಕ್ಕ, ಗ್ಯಾಸಿದ್ರೂ ಕೈ ತಾನಾಗಿ ಆರಿಸಿಬಿಡುತ್ತೆ ಅಂತಿದ್ಲು."

"ಮನೇಲಾ? ಮನೇಲಿ ನಾನು ಯಾವತ್ತೂ ನೋಡಿಲ್ಲ."

ಇಸ್ತ್ರಿ ಅಕ್ಕ ಹೇಳಲೋ ಬೇಡವೋ ಎಂಬಂತೆ ಅವನ ಕೈಯಲ್ಲಿದ್ದ ಚೀಲ ನೋಡಿದಳು.

"ನೀವಿರುವಾಗ ಮಾಡ್ತಿರಲಿಲ್ಲ. ಮದುವೆಯಾದ ಹೊಸದ್ರಲ್ಲಿ ಒಂದ್ಸಲ ಮಾಡಿಕೊಟ್ಟಿದ್ಲಂತೆ. ಇದೇನಿದು ಒಡೆದ ಹಾಲಿನ ಥರ, ಯಾರು ತಿಂತಾರೆ ಅಂತ ತಟ್ಟೆ ಸರಿಸಿದ್ರಂತೆ ನೀವು. ಅವತ್ತಿಂದ ನಿಮಗೆ ಬುಲ್ಸ್‌ಐ. ಅದನ್ನ ದುಃಖವಾಗಿ ಹೇಳ್ತಿರಲಿಲ್ಲ ಬಿಡಿ, ನಗ್ತಾನೇ ಹೇಳ್ತಿದ್ಲು."

ಅವನಿಗೆ ನೆನಪೇ ಇರಲಿಲ್ಲ. ಬಸ್ಸಿಗೆ ಹೋಗುತ್ತ, ಬಸ್ಸಿನಲ್ಲಿ ಕೂತು, ಇಳಿದು ನಡೆಯುತ್ತ ಹುಡುಕಿದ. ಒಂಬತ್ತು ವರ್ಷ ಹಿಂದಕ್ಕೆ ಹೋಗಿ ಹುಡುಕಿದ. ಆ ತಟ್ಟೆ, ಆ ಮಾತು, ಅವಳ ಆ ಮುಖ, ಯಾವುದೂ ಸಿಗಲಿಲ್ಲ. ಅವನು ಆಡಿ ಮರೆತದ್ದನ್ನು ಅವಳು ಒಂಬತ್ತು ವರ್ಷ ಪಾಲಿಸಿದ್ದಳು. ಬೀದಿ ಬದಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತ.

ಮಗಳು ಶಾಲೆಯಿಂದ ಬಂದು ಸಮವಸ್ತ್ರದಲ್ಲೇ ಮೇಜಿನ ಮುಂದೆ ಕೂತಿದ್ದಳು. ಅವನು ಮಾತಾಡದೆ ಅಡುಗೆಮನೆಗೆ ಹೋದ. ನೀರಿಟ್ಟ, ಮಸಾಲೆ ಹಾಕಿದ, ನೂಡಲ್ಸ್ ಬೇಯಿಸಿದ. ಲೋಟದಲ್ಲಿ ಮೊಟ್ಟೆ ಕಲಸಿದ. ಸಾರು ಜೋರಾಗಿ ಮರಳುವಾಗ ಗ್ಯಾಸ್ ಆರಿಸಿದ. ಧಾರೆಯಾಗಿ ಸುತ್ತಲೂ ಹುಯ್ದು, ತಟ್ಟೆ ಮುಚ್ಚಿ, ಗಟ್ಟಿಯಾಗಿಯೇ ಎಣಿಸತೊಡಗಿದ. ಹನ್ನೆರಡಕ್ಕೆ ಬರುವಾಗ ಹಿಂದೆ ಇನ್ನೊಂದು ದನಿ ಸೇರಿಕೊಂಡಿತು. ಮಗಳು ಬಾಗಿಲಲ್ಲಿ ನಿಂತಿದ್ದಳು. ನಲವತ್ತರವರೆಗೂ ಇಬ್ಬರೂ ಒಟ್ಟಿಗೇ ಎಣಿಸಿದರು.

ತಟ್ಟೆ ತೆಗೆದ. ಎರಡು ಸಲ ತಿರುವಿದ. ಮೆತ್ತನೆಯ ಹಳದಿ ಪದರಗಳು ಎಳೆಎಳೆಗೂ ಅಂಟಿಕೊಂಡು ಮೇಲೆ ಬಂದವು.

ಅವಳು ತಿಂದಳು. ಊದಿ ಊದಿ, ಸದ್ದು ಮಾಡಿ, ಮೂಗು ಸೋರಿದರೂ ಒರೆಸದೆ ತಿಂದಳು. ಅವನು ಎದುರು ಕೂತು, ಒಂದೊಂದು ತುತ್ತು ಒಳಗಿಳಿಯುವುದನ್ನೂ ನೋಡಿದ. ಅರ್ಧ ಬಟ್ಟಲು ಮುಗಿದ ಮೇಲೆ ಅವಳು ತಲೆ ಎತ್ತಿದಳು.

"ನಾನು ಹೇಳಿಲ್ಲ. ನಿಂಗೆ ಹೇಗೆ ಗೊತ್ತಾಯ್ತು?"

"ಯಾಕೆ ಹೇಳಿಲ್ಲ ಮಗಳೇ? ಎಷ್ಟು ಕೇಳ್ದೆ."

"ಅಮ್ಮ ಹೇಳ್ಬೇಡ ಅಂದಿದ್ಲು. ಅಪ್ಪಂಗೆ ಇದು ಕಂಡ್ರೆ ಆಗಲ್ಲ, ಅವರು ಬರೋದ್ರೊಳಗೆ ತಿಂದು ಬಟ್ಟಲು ತೊಳೆದಿಡೋಣ ಅಂತಿದ್ಲು." ಪ್ರಾಣ ಹೋದರೂ ಬಿಡಬಾರದ ಮಾತನ್ನು ಬಿಟ್ಟವಳಂತೆ ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಬಟ್ಟಲನ್ನು ಅವನ ಕಡೆ ಸರಿಸಿದಳು. "ನೀನೂ ತಿನ್ನು."

ಅವನು ಒಂದು ತುತ್ತು ತಿಂದ. ಸಾರು, ಎಳೆ, ಮೊಟ್ಟೆ ಒಟ್ಟಿಗೇ ಬಂದವು, ಯಾವುದನ್ನೂ ಬೇರೆ ಹುಡುಕಬೇಕಾಗಿರಲಿಲ್ಲ. ಚೆನ್ನಾಗಿತ್ತು. ಒಂಬತ್ತು ವರ್ಷ ತಿಂದ ಬುಲ್ಸ್‌ಐಗಿಂತ ಚೆನ್ನಾಗಿತ್ತು.

"ಚೆನ್ನಾಗಿದ್ಯಾ?"

"ಹೂಂ. ತುಂಬಾ."

"ಮತ್ತೆ ಆಗಲ್ಲ ಅಂತ ಯಾಕೆ ಅಂದಿದ್ದೆ?" ಅವಳು ಹುಬ್ಬು ಗಂಟಿಕ್ಕಿ ಕೇಳಿದಳು. "ಅವತ್ತು ತಿಂದು ನೋಡಿದ್ಯಾ?"

ಸುಳ್ಳು ಹೇಳಬಹುದಿತ್ತು.

"ಇಲ್ಲ ಮಗಳೇ," ಎಂದ. "ತಿಂದೇ ಇರಲಿಲ್ಲ."