ಸುಧಾರಿಸಬೇಕಾದ ಅಂಶ

ಮಧ್ಯಾಹ್ನದ ಔಷಧಿ ಕೊಟ್ಟು ಮುಗಿಸಿ ತಮ್ಮ ಕೋಣೆಗೆ ಬರಬೇಕೆಂದು ವಾರ್ಡಿನ ಇನ್‌ಚಾರ್ಜ್ ನರ್ಸ್, ಎಲ್ಲರೂ ಚೇಚಿ ಅಂದರೆ ಅಕ್ಕ ಎಂದು ಕರೆಯುವ ಅಂಬಿಕ, ಹೇಳಿಕಳಿಸಿದಾಗಲೇ ನರ್ಸ್ ಜಿಷಾಳಿಗೆ ವಿಷಯ ಹೊಳೆಯಿತು. ಕೇರಳದ ಕೊಟ್ಟಾಯಂ ಕಡೆಯ ಆ ಆಸ್ಪತ್ರೆಯಲ್ಲಿ ಅದು ಮೌಲ್ಯಮಾಪನದ ವಾರ. ಹಿಂದಿನ ವರ್ಷ ಇದೇ ವಾರ ಕಳೆದ ಮೇಲೆ ಪಕ್ಕದ ವಾರ್ಡಿನ ರೆಜೀನಾಳ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಅವಳ ಬಗ್ಗೆ ಏನು ಬರೆದಿದ್ದರೆಂದು ಯಾರಿಗೂ ತಿಳಿಯಲಿಲ್ಲ. ತಿಳಿಯದ್ದರಿಂದಲೇ ಎಲ್ಲರಿಗೂ ಭಯ.

ಜಿಷಾಳಿಗೆ ಹೆದರಲು ಬೇರೆ ಕಾರಣವೂ ಇತ್ತು. ಹೋದ ತಿಂಗಳು ಕರುಳಿನ ಆಪರೇಷನ್ ಆಗಿದ್ದ ಪೌಲೋಸ್ ಎಂಬ ಮುದುಕರ ಉಸಿರು ಜೋರಾಗಿದ್ದನ್ನು ಮೊದಲು ಗಮನಿಸಿದವಳು ಅವಳೇ. ನಾಡಿ, ಉಸಿರು, ಬಿಪಿ, ಜ್ವರಕ್ಕೆಲ್ಲ ಅಂಕ ಹಾಕಿ ಕೂಡಿಸಿದರೆ ಐದು ಬಂತು. ಅಂಕ ಹೆಚ್ಚಿದಷ್ಟೂ ಅಪಾಯ; ಐದು ಬಂದರೆ ತಕ್ಷಣ ಡಾಕ್ಟರಿಗೆ ಹೇಳಬೇಕು. ಡಾಕ್ಟರ್ ಕುರುವಿಳ ಹೊರರೋಗಿಗಳ ವಿಭಾಗದಲ್ಲಿದ್ದರು. ಅವಳು ಫೋನ್ ಎತ್ತಿ ಮತ್ತೆ ಇಟ್ಟಳು. ಇನ್ನೊಮ್ಮೆ ನೋಡೋಣ ಅಂತ ಕಾದಳು. ಅವಳು ಫೋನ್ ಮಾಡುವ ಹೊತ್ತಿಗೆ ಮುದುಕರ ತುಟಿ ಕಪ್ಪಿಟ್ಟಿತ್ತು. ಐಸಿಯುಗೆ ಒಯ್ದ ಮೇಲೆ ಅವರು ಉಳಿದರು. ಆದರೆ ಆ ತುಟಿ ಅವಳ ಕಣ್ಣಿನಿಂದ ಹೋಗಿರಲಿಲ್ಲ.

"ಕೂತ್ಕೋ. ಓದು, ಆಮೇಲೆ ಮಾತಾಡೋಣ," ಎಂದು ಕೋಣೆಗೆ ಬಂದವಳ ಮುಂದಕ್ಕೆ ಚೇಚಿ ಮೌಲ್ಯಮಾಪನದ ಹಾಳೆಗಳನ್ನು ತಳ್ಳಿದರು.

ಒಳ್ಳೆಯ ಅಂಶಗಳ ಕೆಳಗೆ ಬರೆದದ್ದನ್ನು ಓದಿ ಜಿಷಾಳಿಗೆ ನಂಬಿಕೆಯೇ ಬರಲಿಲ್ಲ. ವಯಸ್ಸಾದವರಿಗೆ ನೋವಾಗದಂತೆ ಡ್ರಿಪ್ ಸೂಜಿ ಹಾಕುತ್ತಾಳೆ. ಪಾಳಿ ಬದಲಾಗುವಾಗ ಒಂದೂ ವಿಷಯ ಬಿಡದೆ ಒಪ್ಪಿಸುತ್ತಾಳೆ. ರೋಗಿಯ ಸ್ಥಿತಿ ಬದಲಾಗುವುದನ್ನು ಬೇಗ ಗುರುತಿಸುತ್ತಾಳೆ. ಒಂದೊಂದಕ್ಕೂ ಉದಾಹರಣೆ ಕೊಟ್ಟಿದ್ದರು. ಹಾಳೆ ತಿರುವಿದಳು. ಸುಧಾರಿಸಬೇಕಾದ ಅಂಶ: ಗುರುತಿಸಿದ್ದನ್ನು ಡಾಕ್ಟರಿಗೆ ತಿಳಿಸಲು ತಡಮಾಡುತ್ತಾಳೆ. ಅದರ ಮುಂದೆ ಪೌಲೋಸರ ಘಟನೆ.

"ಚೇಚಿ, ಇದು ಸೂಪರಿಂಟೆಂಡೆಂಟ್ ಹತ್ರ ಹೋದ್ರೆ ನನ್ನ ಕಥೆ ಮುಗೀತು. ರೆಜೀನಾ ಥರಾನೇ ಮನೆಗೆ."

"ಹೋಗುತ್ತೆ. ಅವರು ಸಹಿ ಹಾಕಬೇಕಲ್ಲ."

"ಇದೊಂದು ಬಿಟ್ಟುಬಿಡಿ. ಚಾರ್ಟ್ ಬರೆಯೋದ್ರಲ್ಲಿ ನಿಧಾನ ಅಂತ ಹಾಕಿ. ಅದೂ ನಿಜಾನೇ."

"ಚಾರ್ಟ್ ನಿಧಾನ ಆದ್ರೆ ಯಾರೂ ಸಾಯಲ್ಲ ಕಣೇ." ಚೇಚಿ ದನಿ ಏರಿಸಲಿಲ್ಲ. "ನಾನಿದನ್ನ ಬಿಟ್ಟು, ನಾಳೆ ಯಾರಾದ್ರೂ ರೋಗಿ ಸತ್ತೇಹೋದ್ರೆ? ಅವತ್ತು ಯಾಕೆ ಫೋನ್ ಮಾಡ್ಲಿಲ್ಲ, ಅದನ್ನ ಹೇಳು."

ಜಿಷಾ ತಲೆ ತಗ್ಗಿಸಿಕೊಂಡೇ ಹೇಳಿದಳು: ಅದಕ್ಕೆ ಮುಂಚೆ ಒಮ್ಮೆ ಫೋನ್ ಮಾಡಿದ್ದಕ್ಕೆ ಡಾಕ್ಟರ್ ಕುರುವಿಳ ರೌಂಡ್ಸಿನಲ್ಲಿ, ರೋಗಿಗಳ ಮನೆಯವರ ಎದುರಿಗೇ, "ನಾಡಿ ಎಣಿಸೋಕೆ ಬರುತ್ತಾ ನಿಂಗೆ?" ಎಂದು ಕೂಗಾಡಿದ್ದರು. ಅಂದಿನಿಂದ ಅವರ ನಂಬರ್ ಒತ್ತಲು ಅವಳು ಹಿಂಜರಿಯುತ್ತಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗೂ ಹೆದರಿಕೆ ಚೇಚಿ."

ಅಂಬಿಕ ಪೆನ್ನು ತೆಗೆದುಕೊಂಡು ಗುರಿಯ ಜಾಗದಲ್ಲಿ ಬರೆದರು: ಅಂಕ ಐದು ಮುಟ್ಟಿದ ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳುವುದು, ಹೇಳಿದ ಸಮಯ ಚಾರ್ಟಿನಲ್ಲಿ ಬರೆಯುವುದು, ಫೋನಿನಲ್ಲಿ ಹೇಗೆ ಹೇಳಬೇಕೆಂದು ಇನ್‌ಚಾರ್ಜ್ ವಾರಕ್ಕೊಮ್ಮೆ ಅಭ್ಯಾಸ ಮಾಡಿಸುವುದು, ಮೂರು ತಿಂಗಳಿಗೆ ಮರುಪರಿಶೀಲನೆ.

"ಕೆಳಗೆ ನಿನ್ನ ಅಭಿಪ್ರಾಯಕ್ಕೆ ಜಾಗ ಇದೆ. ಡಾಕ್ಟರ್ ವಿಷಯ ಬರಿ."

"ಅಯ್ಯೋ, ಬೇಡ."

"ಬರೀದಿದ್ರೆ ತಪ್ಪೆಲ್ಲ ನಿನ್ನೊಬ್ಬಳದೇ ಅಂತ ಆಗುತ್ತೆ. ಸಹಿ ಹಾಕಿದ್ರೆ ಓದಿದೀನಿ ಅಂತ ಅಷ್ಟೇ, ಒಪ್ಕೊಂಡೆ ಅಂತಲ್ಲ."

ಜಿಷಾ ನಡೆದದ್ದನ್ನು ಬರೆದಳು. ಡಾಕ್ಟರರ ಹೆಸರು ಬರೆದ ಮೇಲೆ ಅಳಿಸಬೇಕೆನ್ನಿಸಿತು. ಅಳಿಸಲಿಲ್ಲ.

ಮುಂದಿನ ದಿನಗಳಲ್ಲಿ ಅವಳಿಗೆ ಊಟ ಸೇರಲಿಲ್ಲ. ಕಾರಿಡಾರಿನಲ್ಲಿ ಕುರುವಿಳ ಕಂಡರೆ ಹಾಸಿಗೆ ಬಟ್ಟೆ ಇಡುವ ಕೋಣೆಗೆ ನುಗ್ಗುತ್ತಿದ್ದಳು. ಕೊನೆಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಸಿಸ್ಟರ್ ಫಿಲೋಮಿ ಅಂಬಿಕ, ಜಿಷಾ ಇಬ್ಬರನ್ನೂ ಕರೆಸಿದರು. ಜಿಷಾ ನಿಂತೇ ಇದ್ದಳು. ಕುರ್ಚಿಯ ಬೆನ್ನು ಹಿಡಿದಿದ್ದಳು.

"ಅಂಬಿಕ, ಇಷ್ಟು ಹೊಗಳಿ ಇಷ್ಟು ದೊಡ್ಡ ತಪ್ಪೂ ಬರೆದಿದ್ದೀಯ. ಇವಳನ್ನ ಇಟ್ಕೋಬೇಕೋ ಬೇಡ್ವೋ?"

"ಇಟ್ಕೋಬೇಕು ಸಿಸ್ಟರ್. ಎರಡೂ ನಿಜ. ಅವಳು ನೋಡದೇ ಇದ್ದಿದ್ರೆ ಆ ಮುದುಕರು ಉಳೀತಿರ್ಲಿಲ್ಲ. ಬೇಗ ಹೇಳಿದ್ದಿದ್ರೆ ಐಸಿಯುಗೆ ಹೋಗ್ತಿರ್ಲಿಲ್ಲ."

ಸಿಸ್ಟರ್ ಜಿಷಾಳ ಕಡೆ ತಿರುಗಿದರು. "ಡಾಕ್ಟರ್ ಹತ್ರ ನಾನು ಮಾತಾಡಿದೀನಿ. ಅವರಿಗೆ ಇಷ್ಟ ಆಗಿಲ್ಲ. ಆಗೋದೂ ಬೇಡ. ಕಾಂಟ್ರ್ಯಾಕ್ಟ್ ಈಗ ಮೂರು ತಿಂಗಳಿಗೆ ಮಾತ್ರ. ಆಮೇಲೆ ನೋಡ್ತೀನಿ."

ಹೊರಗೆ ಬಂದ ಮೇಲೆ ಜಿಷಾಳಿಗೆ ಸಮಾಧಾನವೇನೂ ಆಗಲಿಲ್ಲ. ಭಯಕ್ಕೆ ಈಗ ಮೂರು ತಿಂಗಳ ಆಯಸ್ಸು ಸಿಕ್ಕಂತಾಗಿತ್ತು.

ಅದೇ ವಾರ, ಬೆಳಗಿನ ಪಾಳಿಯಲ್ಲಿ, ಪಿತ್ತಕೋಶದ ಆಪರೇಷನ್ ಆಗಿದ್ದ ಹೆಂಗಸೊಬ್ಬರು ಬೆವರಲು ಶುರುಮಾಡಿದರು. ಅಂಕ ಆರು. ಡ್ಯೂಟಿಯಲ್ಲಿದ್ದವರು ಕುರುವಿಳ. ಚೇಚಿ ಮೀಟಿಂಗಿನಲ್ಲಿದ್ದರು. ಜಿಷಾ ನಂಬರ್ ಒತ್ತಿದಳು.

"ಸರ್, ಸರ್ಜಿಕಲ್ ವಾರ್ಡಿನಿಂದ ಜಿಷಾ. ಅಂಕ ಆರು. ಬಿಪಿ ಇಳೀತಿದೆ, ನಾಡಿ ಓಡ್ತಿದೆ. ಒಳಗೆ ರಕ್ತಸ್ರಾವ ಇರಬಹುದು ಅಂತ ಅನುಮಾನ. ನೀವು ಈಗಲೇ ಬಂದು ನೋಡ್ಬೇಕು."

ಉತ್ತರ ಬರುವ ಮೊದಲೇ ಅವಳಿಗೆ ಹಳೆಯ ಕೂಗೇ ಕೇಳಿಸಿತು.

"ಬಂದೆ," ಎಂದರು ಕುರುವಿಳ.

ಅವರು ಬಂದರು, ಅವಳ ಮುಖ ನೋಡಲಿಲ್ಲ, ಬೈಯಲೂ ಇಲ್ಲ. ಹೆಂಗಸನ್ನು ನೇರ ಥಿಯೇಟರಿಗೆ ಒಯ್ದರು. ಮಂಚ ಲಿಫ್ಟಿನೊಳಗೆ ಹೋದ ಮೇಲೆ ಜಿಷಾ ಚಾರ್ಟ್ ಎತ್ತಿಕೊಂಡು ಹೇಳಿದ ಸಮಯ ಬರೆಯಲು ಕೂತಳು. ಸಮಯದ ಮುಂದೆ ಡಾಕ್ಟರ್ ಕುರುವಿಳರ ಹೆಸರನ್ನೂ ಬರೆದಳು.